ಮೊದಲು ಮಾತಾಡಿದವರು ಯಾರು? ವಾಟ್ಸ್‌ಆ್ಯಪ್ ಬಿಸಿನೆಸ್‌ನ ಉಚಿತ ಉತ್ತರ, ಹಣದ ಪ್ರಚಾರ ಮತ್ತು ಬ್ರಾಡ್‌ಕಾಸ್ಟ್ ಮಿತಿ ಕುರಿತು ಒಂದು ಟಿಪ್ಪಣಿ

ಅಂಗಡಿ ನಡೆಸುವವರು ವಾಟ್ಸ್‌ಆ್ಯಪ್ ಬಗ್ಗೆ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ತಿಂಗಳಿಗೆ ಎಷ್ಟು ಮೆಸೇಜ್ ಫ್ರೀ, ಅದರ ಮೇಲೆ ಹೋದರೆ ಒಂದಕ್ಕೆ ಎಷ್ಟು ಬೀಳುತ್ತದೆ? ಮೊಬೈಲ್ ರೀಚಾರ್ಜ್ ಪ್ಲಾನ್‌ಗಳಿಗೆ ಒಗ್ಗಿಕೊಂಡವರು ಹೀಗೆ ಕೇಳುವುದು ಸಹಜ. ಆದರೆ ವಾಟ್ಸ್‌ಆ್ಯಪ್‌ನ ವ್ಯಾಪಾರಿ ಸೇವೆಯ ದರ ಈ ಲೆಕ್ಕದ ಮೇಲೆ ನಿಂತಿಲ್ಲ. ಅಲ್ಲಿ ಮೊದಲು ನೋಡುವುದು ಮಾತು ಶುರುಮಾಡಿದವರು ಯಾರು ಎಂಬುದನ್ನು. ಗ್ರಾಹಕರು ಕೇಳಿ ಅಂಗಡಿಯವರು ಉತ್ತರಿಸಿದರೆ ಅದು ಉಚಿತ. ಅಂಗಡಿಯವರೇ ಮುಂದಾಗಿ ಮಾತಾಡಿಸಿದರೆ ದುಡ್ಡು. ಎಷ್ಟು ದುಡ್ಡು, ಎಷ್ಟು ಜನರಿಗೆ, ಎಷ್ಟು ಸಲ ಎಂಬುದೆಲ್ಲ ಇದಾದ ಮೇಲಿನ ಮಾತು. ಇದೊಂದು ಭೇದ ಮನಸ್ಸಿನಲ್ಲಿ ನಿಲ್ಲದೆ ಹೋದರೆ ದರಪಟ್ಟಿಯನ್ನು ಎಷ್ಟು ಓದಿದರೂ ತಿಂಗಳ ಕೊನೆಯ ಬಿಲ್ಲು ಅರ್ಥವಾಗುವುದಿಲ್ಲ ಎಂಬುದು ಈ ಟಿಪ್ಪಣಿಯ ವಾದ.

ಮೊದಲಿಗೆ, ಒಂದೇ ಹೆಸರಿನಲ್ಲಿ ಓಡಾಡುವ ಎರಡು ವಸ್ತುಗಳನ್ನು ಬೇರೆ ಮಾಡಬೇಕು. 2018ರ ಜನವರಿಯಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಒಂದು. ಹಸಿರು ಗುರುತಿನೊಳಗೆ ಬಿ ಅಕ್ಷರ ಇರುವ ಇದನ್ನು ಫೋನಿಗೆ ಇಳಿಸಿಕೊಂಡರೆ ಆಯಿತು, ಶುಲ್ಕವಿಲ್ಲ. ಕ್ಯಾಟಲಾಗ್, ಲೇಬಲ್, ಸಿದ್ಧ ಉತ್ತರ, ಅಂಗಡಿ ಮುಚ್ಚಿದ್ದಾಗ ತಾನೇ ಹೋಗುವ ಉತ್ತರ ಎಲ್ಲ ಇದರಲ್ಲಿವೆ. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದದ್ದು ಎರಡನೆಯದು, ಬಿಸಿನೆಸ್ ಎಪಿಐ. ಇದು ಫೋನಿನಲ್ಲಿ ತೆರೆಯುವ ಆ್ಯಪ್ ಅಲ್ಲ. ಅಂಗಡಿಯ ಕಂಪ್ಯೂಟರ್ ವ್ಯವಸ್ಥೆಯನ್ನು ವಾಟ್ಸ್‌ಆ್ಯಪ್‌ಗೆ ಜೋಡಿಸುವ ದಾರಿ. 2022ರಲ್ಲಿ ಮೆಟಾ ಕಂಪನಿ ಇದನ್ನು ತನ್ನದೇ ಸರ್ವರ್‌ಗಳಲ್ಲಿ ನಡೆಸಿ ಕ್ಲೌಡ್ ಎಪಿಐ ಎಂಬ ಹೆಸರಿನಲ್ಲಿ ಎಲ್ಲರಿಗೂ ತೆರೆಯಿತು. ಸಣ್ಣ ಅಂಗಡಿಯವರು ಇದನ್ನು ಹೆಚ್ಚಾಗಿ ಮಧ್ಯವರ್ತಿ ಕಂಪನಿಯೊಂದರ ಮೂಲಕ, ತಿಂಗಳ ಬಾಡಿಗೆ ಕೊಟ್ಟು ಪಡೆಯುತ್ತಾರೆ. ‘ವಾಟ್ಸ್‌ಆ್ಯಪ್ ಪ್ಲಾನ್’ ಎಂದು ಮಾರುಕಟ್ಟೆಯಲ್ಲಿ ಮಾರಾಟವಾಗುವುದು ಬಹುಪಾಲು ಈ ಬಾಡಿಗೆಯೇ. ಮೆಟಾ ವಿಧಿಸುವ ಮೆಸೇಜ್ ದರ ಅದರ ಮೇಲೆ ಪ್ರತ್ಯೇಕವಾಗಿ ಬೀಳುತ್ತದೆ. ಪ್ಲಾನ್ ಕೊಳ್ಳುವಾಗ ಕೇಳಬೇಕಾದ ಮೊದಲ ಮಾತು, ಮಧ್ಯವರ್ತಿಯವರು ಮೆಟಾ ದರವನ್ನು ಇದ್ದ ಹಾಗೇ ವಸೂಲು ಮಾಡುತ್ತಾರೋ, ಅದರ ಮೇಲೆ ತಮ್ಮ ಪಾಲು ಸೇರಿಸುತ್ತಾರೋ ಎಂಬುದು.

ಮುಂದೆ ‘ಆ್ಯಪ್’ ಎಂದರೆ ಮೊದಲನೆಯದು, ‘ಎಪಿಐ’ ಎಂದರೆ ಎರಡನೆಯದು. ಸೇವೆ ಉಚಿತ, ಪ್ರಚಾರಕ್ಕೆ ದುಡ್ಡು ಎಂಬ ದರಪಟ್ಟಿ ಇರುವುದು ಎಪಿಐಗೆ. ಬ್ರಾಡ್‌ಕಾಸ್ಟ್‌ಗೆ ತಿಂಗಳ ಮಿತಿ ಎಂಬ ಮಾತು ಎದ್ದಿರುವುದು ಆ್ಯಪ್‌ನ ಬಗ್ಗೆ. ಅಂಗಡಿಬೀದಿಯ ಮಾತುಕತೆಯಲ್ಲಿ ಇವೆರಡೂ ಕಲಸಿಹೋಗಿವೆ, ಗೊಂದಲದ ಮೂಲವೂ ಅಲ್ಲೇ ಇದೆ.

ಎಪಿಐ ದರಪಟ್ಟಿಯ ಹೃದಯ ‘24 ಗಂಟೆಯ ಕಿಟಕಿ’. ಗ್ರಾಹಕರು ಅಂಗಡಿಯ ನಂಬರಿಗೆ ಒಂದು ಮೆಸೇಜ್ ಹಾಕಿದ ಕ್ಷಣ ಕಿಟಕಿ ತೆರೆಯುತ್ತದೆ. ಅಲ್ಲಿಂದ 24 ಗಂಟೆ ಅಂಗಡಿಯವರು ಏನು ಬೇಕಾದರೂ ಸ್ವಂತ ಮಾತಿನಲ್ಲಿ ಬರೆಯಬಹುದು, ಫೋಟೊ, ವಿಡಿಯೊ ಕಳಿಸಬಹುದು. ಗ್ರಾಹಕರು ಮತ್ತೊಂದು ಮೆಸೇಜ್ ಹಾಕಿದರೆ ಗಡಿಯಾರ ಮತ್ತೆ ಮೊದಲಿನಿಂದ ಓಡುತ್ತದೆ. ಅಂಗಡಿಯವರ ಉತ್ತರ ಎಷ್ಟೇ ಉದ್ದವಿದ್ದರೂ ಗಡಿಯಾರವನ್ನು ಮುಂದಕ್ಕೆ ತಳ್ಳುವುದಿಲ್ಲ. ಆ ಶಕ್ತಿ ಇರುವುದು ಗ್ರಾಹಕರ ಕೈಯಲ್ಲಿ ಮಾತ್ರ. ಕಿಟಕಿ ಮುಚ್ಚಿದ ಮೇಲೆ ಸ್ವಂತ ಮಾತಿಗೆ ಜಾಗವಿಲ್ಲ. ಮೊದಲೇ ಬರೆದು ಮೆಟಾದಿಂದ ಒಪ್ಪಿಗೆ ಪಡೆದ ಟೆಂಪ್ಲೇಟ್ ಮಾತ್ರ ಹೋಗುತ್ತದೆ.

ಇದು ಅಂಗಡಿಯಲ್ಲಿ ಹೇಗೆ ಕಾಣಿಸುತ್ತದೆ ಎಂಬುದಕ್ಕೆ ದಾವಣಗೆರೆಯ ಒಂದು ಸೀರೆ ಅಂಗಡಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಶನಿವಾರ ರಾತ್ರಿ 9.40ಕ್ಕೆ ಒಬ್ಬರು ಕೇಳುತ್ತಾರೆ: “ಅಣ್ಣಾ, ಇಳಕಲ್ ಸೀರೆ ಹೊಸದು ಬಂದಿದೆಯಾ? ಟೋಪ್ ತೆನೆ ಸೆರಗಿನದು ಬೇಕಿತ್ತು.” ಅಂಗಡಿ ಮುಚ್ಚಿದೆ. ತಾನೇ ಹೋಗುವ ಉತ್ತರ ಹೋಗಿದೆ: “ನಮಸ್ಕಾರ ಅಕ್ಕಾ, ಅಂಗಡಿ ತೆರೆದ ಮೇಲೆ ತಿಳಿಸುತ್ತೇವೆ.” ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹುಡುಗ ಐದು ಸೀರೆಗಳ ಫೋಟೊ ತೆಗೆದು ಕಳಿಸಲು ಕೂರುತ್ತಾನೆ, ಹೋಗುವುದಿಲ್ಲ. ಕಿಟಕಿ ಭಾನುವಾರ ರಾತ್ರಿ 9.40ಕ್ಕೇ ಮುಚ್ಚಿದೆ. ಪರದೆಯ ಮೇಲೆ ಬರುವ ದೋಷಸಂಖ್ಯೆ `131047`. ಗ್ರಾಹಕರು ಕೊನೆಯದಾಗಿ ಮಾತಾಡಿ 24 ಗಂಟೆ ದಾಟಿದೆ ಎಂಬುದಷ್ಟೇ ಅದರ ಅರ್ಥ. ನೆಟ್‌ವರ್ಕ್ ತೊಂದರೆಯಲ್ಲ, ಅವರು ಬ್ಲಾಕ್ ಮಾಡಿದ್ದೂ ಅಲ್ಲ. ಈಗ ಉಳಿದಿರುವ ದಾರಿ, “ನೀವು ಕೇಳಿದ್ದ ಸೀರೆಯ ವಿವರ ಸಿದ್ಧವಿದೆ, ನೋಡಲು ಹೌದು ಎಂದು ಒತ್ತಿ” ಎಂಬಂಥ ಟೆಂಪ್ಲೇಟ್ ಕಳಿಸುವುದು. ಅವರು ಒತ್ತಿದರೆ ಕಿಟಕಿ ಮತ್ತೆ ತೆರೆಯುತ್ತದೆ. ಭಾನುವಾರ ಸಂಜೆ ಯಾರಾದರೂ ಹತ್ತು ನಿಮಿಷ ಕೂತು ಉತ್ತರಿಸಿದ್ದರೆ ಇಷ್ಟೂ ಬೇಕಿರಲಿಲ್ಲ. ಇದೇ ಅಂಗಡಿ ಫೋನಿನ ಆ್ಯಪ್ ಬಳಸುತ್ತಿದ್ದರೆ ಈ ತಡೆಯೇ ಇರುತ್ತಿರಲಿಲ್ಲ ಎಂಬುದನ್ನೂ ಗಮನಿಸಬೇಕು. 24 ಗಂಟೆಯ ನಿಯಮ ಎಪಿಐಗೆ ಸೇರಿದ್ದು.

ಈ ಕಿಟಕಿಯೊಳಗಿನ ಮಾತು ಯಾವಾಗಲೂ ಉಚಿತವಾಗಿರಲಿಲ್ಲ. 2022ರ ಫೆಬ್ರುವರಿಯಿಂದ ಮೆಟಾ ‘ಸಂಭಾಷಣೆ’ಯನ್ನು ಲೆಕ್ಕದ ಘಟಕವಾಗಿ ಇಟ್ಟುಕೊಂಡಿತು. 24 ಗಂಟೆಯೊಳಗೆ ಎಷ್ಟು ಮೆಸೇಜ್ ಹೋದರೂ ಅದು ಒಂದು ಸಂಭಾಷಣೆ. ತಿಂಗಳಿಗೆ ಮೊದಲ 1,000 ಸಂಭಾಷಣೆ ಉಚಿತ. 2023ರ ಜೂನ್‌ನಲ್ಲಿ ಸಂಭಾಷಣೆಗಳು ನಾಲ್ಕು ಬಗೆಯಾದವು: ಮಾರ್ಕೆಟಿಂಗ್, ಯುಟಿಲಿಟಿ, ಒಟಿಪಿ ಕಳಿಸುವ ಅಥೆಂಟಿಕೇಶನ್ ಮತ್ತು ಗ್ರಾಹಕರೇ ಶುರುಮಾಡುವ ಸರ್ವೀಸ್. ಆಗ ಆ ಸಾವಿರದ ಉಚಿತ ಪಾಲು ಸರ್ವೀಸ್‌ಗೆ ಮಾತ್ರ ಉಳಿಯಿತು. 2024ರ ನವೆಂಬರ್ 1ರಿಂದ ಸಾವಿರದ ಮಿತಿಯೂ ಹೋಗಿ ಸರ್ವೀಸ್ ಪೂರ್ತಿ ಉಚಿತವಾಯಿತು. 2025ರ ಜುಲೈ 1ರಿಂದ ಸಂಭಾಷಣೆಯ ಲೆಕ್ಕವನ್ನೇ ಕೈಬಿಟ್ಟು, ತಲುಪಿದ ಒಂದೊಂದು ಟೆಂಪ್ಲೇಟ್ ಮೆಸೇಜಿಗೂ ದರ ಎಂಬ ಪದ್ಧತಿ ಬಂತು. ‘ತಿಂಗಳಿಗೆ ಸಾವಿರ ಫ್ರೀ’ ಎಂದು ಇಂದಿಗೂ ಕೇಳಿಬರುವ ಮಾತು ಈ ಹಳೆಯ ಪದ್ಧತಿಯ ಉಳಿಕೆ. ಈಗ ಅಂಥ ಉಚಿತ ಕೋಟಾ ಇಲ್ಲ. ಉತ್ತರಕ್ಕೆ ಮಿತಿಯಿಲ್ಲ, ಪ್ರಚಾರಕ್ಕೆ ಮೊದಲ ಮೆಸೇಜಿನಿಂದಲೇ ದುಡ್ಡು.

ದರದ ಅಂತರ ಎಷ್ಟೆಂದು ನೋಡಿದರೆ ಮೆಟಾ ಏನನ್ನು ತಡೆಯಲು ಹೊರಟಿದೆ ಎಂಬುದು ತಿಳಿಯುತ್ತದೆ. 2025ರ ಜುಲೈನಲ್ಲಿ ಭಾರತದ ನಂಬರಿಗೆ ಒಂದು ಮಾರ್ಕೆಟಿಂಗ್ ಮೆಸೇಜಿನ ದರ 78.46 ಪೈಸೆ, ಒಂದು ಯುಟಿಲಿಟಿ ಮೆಸೇಜಿನದು 11.5 ಪೈಸೆ. ಸುಮಾರು ಏಳು ಪಟ್ಟು. ದರಗಳು ಆಗಾಗ ಪರಿಷ್ಕರಣೆಯಾಗುತ್ತವೆ, ಆದ್ದರಿಂದ ಇಲ್ಲಿನ ಅಂಕಿಗಳನ್ನು ಆ ದಿನದ ದರವೆಂದೇ ಓದಬೇಕು. ಲೆಕ್ಕದ ವಿಧಾನವನ್ನು ಇಂದಿನ ದರಪಟ್ಟಿಗೂ ಹೊಂದಿಸಿಕೊಳ್ಳಬಹುದು.

ಯುಟಿಲಿಟಿ ಎಂದರೆ ಗ್ರಾಹಕರೇ ಮಾಡಿದ ವ್ಯವಹಾರದ ಮುಂದಿನ ಸುದ್ದಿ. ಬಿಲ್ಲು ಆಯಿತು, ಪಾರ್ಸಲ್ ಹೊರಟಿತು, ಬ್ಲೌಸ್ ಹೊಲಿಗೆ ಮುಗಿಯಿತು ಎಂಬಂಥವು. ಇದರಲ್ಲಿ ಪ್ರಚಾರದ ಒಂದು ಸಾಲು ಸೇರಿದರೂ ಇಡೀ ಮೆಸೇಜ್ ಮಾರ್ಕೆಟಿಂಗ್ ಆಗುತ್ತದೆ. “ನಿಮ್ಮ ಬ್ಲೌಸ್ ಸಿದ್ಧವಾಗಿದೆ, ಸಂಜೆ ಎಂಟರೊಳಗೆ ಬಂದು ತೆಗೆದುಕೊಂಡು ಹೋಗಿ” ಎಂಬುದು ಯುಟಿಲಿಟಿ. ಅದರ ಕೊನೆಗೆ “ಹೊಸ ಮೈಸೂರು ಸಿಲ್ಕ್ ಕೂಡ ಬಂದಿದೆ” ಎಂದು ಸೇರಿಸಿದರೆ ಮಾರ್ಕೆಟಿಂಗ್. ನಮ್ಮ ಅಂಗಡಿಯವರಿಗೆ ಇದು ತೀರ ಕೃತಕ ಎನಿಸಬಹುದು. ಬ್ಲೌಸ್ ಕೊಡುವಾಗ ಹೊಸ ಸ್ಟಾಕ್ ತೋರಿಸುವುದು ಕೌಂಟರಿನ ಮೇಲಿನ ನಿತ್ಯದ ರೂಢಿ. ಆದರೂ ನಿಯಮ ಹಾಗೇ ಇದೆ, ಟೆಂಪ್ಲೇಟ್ ಒಪ್ಪಿಗೆಗೆ ಹೋದಾಗ ಮೆಟಾದ ಪರಿಶೀಲನೆ ಅದನ್ನು ತಾನೇ ಮಾರ್ಕೆಟಿಂಗ್ ಬಗೆಗೆ ಬದಲಾಯಿಸಬಹುದು. ಬದಲಾದದ್ದನ್ನು ಗಮನಿಸದ ಅಂಗಡಿಯವರು ಬಿಲ್ಲು ನೋಡಿ ಬೆಚ್ಚುತ್ತಾರೆ.

2025ರ ಏಪ್ರಿಲ್‌ನಿಂದ ಇನ್ನೊಂದು ಸಡಿಲಿಕೆ ಇದೆ: ಕಿಟಕಿ ತೆರೆದಿರುವಾಗ ಕಳಿಸುವ ಯುಟಿಲಿಟಿ ಟೆಂಪ್ಲೇಟೂ ಉಚಿತ. ಮಾರ್ಕೆಟಿಂಗ್ ಟೆಂಪ್ಲೇಟಿಗೆ ಮಾತ್ರ ಕಿಟಕಿ ತೆರೆದಿದ್ದರೂ ದುಡ್ಡು ತಪ್ಪದು. ಇಲ್ಲಿ ಒಂದು ಸೂಕ್ಷ್ಮವಿದೆ. ತೆರೆದ ಕಿಟಕಿಯಲ್ಲಿ ಅಂಗಡಿಯವರು ಸ್ವಂತ ಮಾತಿನಲ್ಲಿ “ಅಕ್ಕಾ, ಇದರ ಜೊತೆಗೆ ಹೊಸ ಮೈಸೂರು ಸಿಲ್ಕೂ ಬಂದಿದೆ, ಫೋಟೊ ಹಾಕಲಾ?” ಎಂದು ಬರೆದರೆ ಅದು ಉಚಿತ. ಅದೇ ಮಾತನ್ನು ಟೆಂಪ್ಲೇಟಾಗಿ ಕಳಿಸಿದರೆ ಮಾರ್ಕೆಟಿಂಗ್ ದರ ಬೀಳುತ್ತದೆ. ಅಂದರೆ ಕಿಟಕಿಯೊಳಗೆ ದುಡ್ಡು ಬೀಳುವುದು ಪ್ರಚಾರದ ಆಶಯಕ್ಕಲ್ಲ, ಅಚ್ಚು ಹೊಡೆದಂತೆ ನೂರಾರು ಜನರಿಗೆ ಹೋಗುವ ಅದರ ರೂಪಕ್ಕೆ. ಕೂತು ಒಬ್ಬೊಬ್ಬರಿಗೆ ಉತ್ತರಿಸುವ ಅಂಗಡಿಗೆ ಈ ವ್ಯವಸ್ಥೆ ಅನುಕೂಲವಾಗಿದೆ ಎಂದು ಹೇಳಲು ನನಗೆ ಸಂಕೋಚವಿಲ್ಲ. ಅಷ್ಟು ಆಳು, ಅಷ್ಟು ಬಿಡುವು ಇಲ್ಲದ ಅಂಗಡಿಗೆ ಅದೇ ಅನುಕೂಲ ಕೈಗೆ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಯಾವ ಮೆಸೇಜಿಗೆ ದುಡ್ಡು ಬಿತ್ತು, ಯಾವುದಕ್ಕೆ ಬೀಳಲಿಲ್ಲ ಎಂದು ಊಹಿಸಬೇಕಾಗಿಲ್ಲ. ಎಪಿಐ ಮೂಲಕ ಹೋದ ಪ್ರತಿ ಮೆಸೇಜಿನ ಸ್ಥಿತಿವರದಿಯಲ್ಲಿ ಅದು ದಾಖಲಾಗುತ್ತದೆ. ತೆರೆದ ಕಿಟಕಿಯಲ್ಲಿ ಹೋದ ಒಂದು ಯುಟಿಲಿಟಿ ಟೆಂಪ್ಲೇಟಿನ ವರದಿಯಲ್ಲಿ ಈ ಸಾಲುಗಳಿರುತ್ತವೆ:

```
"pricing": {
  "billable": false,
  "pricing_model": "PMP",
  "type": "free_customer_service",
  "category": "utility"
}
```

`billable` ಎದುರು `false` ಇದ್ದರೆ ದುಡ್ಡು ಬಿದ್ದಿಲ್ಲ. ಕಿಟಕಿ ಮುಚ್ಚಿದ ಮೇಲೆ ಹೋಗಿದ್ದರೆ ಅಲ್ಲಿ `true`, `type` ಎದುರು `regular` ಎಂದಿರುತ್ತದೆ. ಅಂಗಡಿಯವರು ಇದನ್ನು ಸ್ವತಃ ಓದಬೇಕೆಂದಿಲ್ಲ. ಮಧ್ಯವರ್ತಿಯ ಡ್ಯಾಶ್‌ಬೋರ್ಡ್ ಈ ಮಾಹಿತಿಯನ್ನು ಮೆಸೇಜುವಾರು ತೋರಿಸುತ್ತದೆಯೇ ಎಂದು ಕೇಳಿದರೆ ಸಾಕು. ತೋರಿಸಲು ಆಗುವುದಿಲ್ಲ ಎಂದರೆ ಆ ಪ್ಲಾನ್ ಕೊಳ್ಳುವ ಮುನ್ನ ಎರಡು ಸಲ ಯೋಚಿಸಬೇಕು, ಏಕೆಂದರೆ ಮಾಹಿತಿ ಅವರ ಕೈಗೆ ಬಂದೇ ಬಂದಿರುತ್ತದೆ.

ಈಗ ಮಿತಿಗಳ ವಿಷಯ. ‘ವಾಟ್ಸ್‌ಆ್ಯಪ್ ಲಿಮಿಟ್’ ಎಂದು ಜನ ಹೇಳುವಾಗ ಅದರೊಳಗೆ ಪರಸ್ಪರ ಸಂಬಂಧವಿಲ್ಲದ ಹಲವು ಸಂಗತಿಗಳು ಸೇರಿಕೊಂಡಿರುತ್ತವೆ. ಬೇರೆ ಬೇರೆ ಕಾರಣಕ್ಕೆ ಬಂದ ಇವು ಬೇರೆ ಬೇರೆ ಬಗೆಯಲ್ಲಿ ಕಾಣಿಸಿಕೊಳ್ಳುತ್ತವೆ.

ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಶುರುಮಾಡೋಣ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ನಮ್ಮ ಸೀರೆ ಅಂಗಡಿಯ ಪುಸ್ತಕದಲ್ಲಿ 1,200 ಗ್ರಾಹಕರ ನಂಬರ್ ಇದೆ ಎಂದುಕೊಂಡರೆ ಐದು ಪಟ್ಟಿ ಬೇಕು. ಪಟ್ಟಿ ಮಾಡುವುದು ಕಷ್ಟವಲ್ಲ. ಆದರೆ ಬ್ರಾಡ್‌ಕಾಸ್ಟ್ ತಲುಪುವುದು ಅಂಗಡಿಯ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಉಳಿಸಿಕೊಳ್ಳದವರಿಗೆ ಅದು ಹೋಗುವುದೇ ಇಲ್ಲ, ಕಳಿಸಿದವರ ಪರದೆಯಲ್ಲಿ ‘ತಲುಪಿಲ್ಲ’ ಎಂಬ ಎಚ್ಚರಿಕೆಯೂ ಬರುವುದಿಲ್ಲ. ಕಳಿಸಿದ ಮೆಸೇಜನ್ನು ಒತ್ತಿಹಿಡಿದು ವಿವರ ತೆರೆದರೆ ಯಾರ ಹೆಸರಿಗೆ ತಲುಪಿತು, ಯಾರು ಓದಿದರು ಎಂಬ ಪಟ್ಟಿ ಸಿಗುತ್ತದೆ. ಎರಡು ದಿನ ಬಿಟ್ಟು ನೋಡಿದರೂ ತಲುಪಿದವರ ಪಟ್ಟಿಯಲ್ಲಿ ಒಬ್ಬರ ಹೆಸರು ಬಂದಿಲ್ಲ, ಆದರೆ ಅವರಿಗೆ ಬಿಡಿಯಾಗಿ ಹಾಕಿದ ಮೆಸೇಜಿಗೆ ಎರಡು ಗೆರೆ ಬೀಳುತ್ತದೆ ಎಂದಾದರೆ, ಅವರು ನಂಬರ್ ಉಳಿಸಿಕೊಂಡಿಲ್ಲ ಎಂದೇ ತಿಳಿಯಬಹುದು. ಎಷ್ಟೋ ಅಂಗಡಿಗಳಲ್ಲಿ ‘ಬ್ರಾಡ್‌ಕಾಸ್ಟ್ ಕೆಲಸ ಮಾಡುತ್ತಿಲ್ಲ’ ಎಂಬ ದೂರಿನ ನಿಜವಾದ ಕಾರಣ ಯಾವ ಮಿತಿಯೂ ಅಲ್ಲ, ಇದು.

ತಿಂಗಳ ಮಿತಿ ಇದಕ್ಕಿಂತ ಹೊಸದು. 2025ರಲ್ಲಿ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್‌ಗೆ ತಿಂಗಳ ಲೆಕ್ಕದಲ್ಲಿ ಮಿತಿ ಹಾಕುವ ಪ್ರಯೋಗ ಶುರುಮಾಡಿತು. ಸಾಮಾನ್ಯ ಬಳಕೆದಾರರಿಗೆ ಪ್ರಯೋಗದ ಹಂತದಲ್ಲಿ ಹೇಳಿದ ಸಂಖ್ಯೆ ತಿಂಗಳಿಗೆ 30 ಬ್ರಾಡ್‌ಕಾಸ್ಟ್. ಅದಕ್ಕಿಂತ ಹೆಚ್ಚು ಜನರಿಗೆ ಹೆಚ್ಚು ಸಲ ಹೇಳುವುದಿದ್ದರೆ ಸ್ಟೇಟಸ್ ಅಥವಾ ಚಾನೆಲ್ ಬಳಸಿ ಎಂಬುದು ಕಂಪನಿಯ ಸಲಹೆ. ಬಿಸಿನೆಸ್ ಆ್ಯಪ್‌ನವರಿಗೆ ಇದರ ಜೊತೆಗೆ ಹಣ ಕೊಟ್ಟು ಕಳಿಸುವ ಬಿಸಿನೆಸ್ ಬ್ರಾಡ್‌ಕಾಸ್ಟ್ ಎಂಬ ಬೇರೆ ಸೌಲಭ್ಯವನ್ನು ಮುಂದಿಡಲಾಯಿತು. ಅದರಲ್ಲಿ ಗ್ರಾಹಕರ ಹೆಸರು ಸೇರಿಸಬಹುದು, ಸಮಯ ನಿಗದಿ ಮಾಡಬಹುದು. ಪ್ರಯೋಗದಲ್ಲಿ ಮೊದಲ 250 ಮೆಸೇಜ್ ಉಚಿತ, ಆಮೇಲೆ ದರ. ಇಲ್ಲಿ ಎಣಿಕೆಯ ಘಟಕವನ್ನು ಗಮನಿಸಬೇಕು. 30 ಎಂಬುದು ಬ್ರಾಡ್‌ಕಾಸ್ಟ್‌ಗಳ ಎಣಿಕೆ, 250 ಎಂಬುದು ಮೆಸೇಜುಗಳ ಎಣಿಕೆ. 1,200 ಗ್ರಾಹಕರ ಅಂಗಡಿಗೆ 250 ಉಚಿತ ಮೆಸೇಜ್ ಎಂದರೆ ಒಂದು ಸುತ್ತಿನ ಕಾಲುಭಾಗವೂ ಆಗುವುದಿಲ್ಲ. ಐದು ಪಟ್ಟಿಗೆ ಕಳಿಸಿದ್ದನ್ನು ಐದು ಬ್ರಾಡ್‌ಕಾಸ್ಟ್ ಎಂದು ಹಿಡಿದರೆ 30ರ ಮಿತಿ ತಿಂಗಳಿಗೆ ಆರು ಸುತ್ತಿಗೆ ಬರುತ್ತದೆ. ಸೀರೆ ಅಂಗಡಿಗೆ ಆರು ಸುತ್ತು ಧಾರಾಳ. ದಿನಾ ಬೆಳಿಗ್ಗೆ ದರ ಕಳಿಸುವ ತರಕಾರಿ ಮಂಡಿಗೆ, ಚಿನ್ನದಂಗಡಿಗೆ ಅದು ಒಂದು ವಾರಕ್ಕೂ ಸಾಲದು. ಅಂಥವರಿಗೆ ಸ್ಟೇಟಸ್ ಅಥವಾ ಚಾನೆಲ್ ನಿಜಕ್ಕೂ ಸರಿಯಾದ ಜಾಗ, ಏಕೆಂದರೆ ದಿನದ ದರ ಬೇಕಾದವರು ತಾವೇ ಬಂದು ನೋಡುತ್ತಾರೆ.

ತಿಂಗಳ ಮಿತಿಯನ್ನು ಬೇರೆ ದೇಶದ ಸೇವೆಯೊಂದು ಹೇಗೆ ಹಾಕಿಕೊಂಡಿದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ವಾಟ್ಸ್‌ಆ್ಯಪ್‌ನ ದಾರಿ ಸ್ಪಷ್ಟವಾಗುತ್ತದೆ. ಜಪಾನಿನ ಅಂಗಡಿಗಳು ಬಳಸುವ ಲೈನ್ ಎಂಬ ಆ್ಯಪ್‌ನಲ್ಲಿ 2023ರ ಜೂನ್‌ನಲ್ಲಿ ತಿಂಗಳ ಲೆಕ್ಕದ ಮೂರು ಪ್ಲಾನ್‌ಗಳು ಬಂದವು. ಉಚಿತ ಪ್ಲಾನ್‌ನಲ್ಲಿ 200 ಮೆಸೇಜ್, 5,000 ಯೆನ್‌ಗೆ 5,000, 15,000 ಯೆನ್‌ಗೆ 30,000. ಎಣಿಸುವುದು ಕಳಿಸಿದ ಸಲವನ್ನು ಪಡೆದವರ ಸಂಖ್ಯೆಯಿಂದ ಗುಣಿಸಿ. ನೂರು ಜನ ಇರುವ ಅಂಗಡಿ ಎರಡು ಸಲ ಕಳಿಸಿದರೆ ಉಚಿತ ಪಾಲು ಮುಗಿಯಿತು. ಗ್ರಾಹಕರ ಪ್ರಶ್ನೆಗೆ ಕೊಡುವ ಉತ್ತರ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅಂದರೆ ಉತ್ತರ ಉಚಿತ, ಪ್ರಚಾರಕ್ಕೆ ಬೆಲೆ ಎಂಬ ತತ್ತ್ವ ಎರಡೂ ಕಡೆ ಒಂದೇ. ಭೇದವಿರುವುದು ಬೆಲೆ ಕಟ್ಟುವ ರೀತಿಯಲ್ಲಿ. ಲೈನ್‌ನಲ್ಲಿ ಅಂಗಡಿಯವರು ತಿಂಗಳ ಆರಂಭದಲ್ಲೇ ತಮ್ಮ ಖರ್ಚು ಇಷ್ಟೇ ಎಂದು ಹೇಳಬಲ್ಲರು. ವಾಟ್ಸ್‌ಆ್ಯಪ್ ಎಪಿಐನಲ್ಲಿ ತಿಂಗಳು ಮುಗಿದ ಮೇಲೆ ತಿಳಿಯುತ್ತದೆ. ಸಣ್ಣ ಬಂಡವಾಳದವರಿಗೆ ಮೊದಲನೆಯದೇ ಹೆಚ್ಚು ನೆಮ್ಮದಿಯ ಪದ್ಧತಿ ಎಂಬುದು ನನ್ನ ಅಭಿಪ್ರಾಯ.

ಎಪಿಐನಲ್ಲಿ ಬ್ರಾಡ್‌ಕಾಸ್ಟ್‌ಗೆ ತಿಂಗಳ ಮಿತಿ ಇಲ್ಲ. ಅಲ್ಲಿರುವುದು 24 ಗಂಟೆಯ ಮಿತಿ. ಹೊಸದಾಗಿ ಸೇರಿದ, ದಾಖಲೆ ಪರಿಶೀಲನೆ ಆಗಿರದ ಅಂಗಡಿ ಯಾವುದೇ 24 ಗಂಟೆಯಲ್ಲಿ 250 ಬೇರೆ ಬೇರೆ ಜನರನ್ನು ಮಾತ್ರ ಮುಂದಾಗಿ ಮಾತಾಡಿಸಬಹುದು. ಪರಿಶೀಲನೆ ಮುಗಿದು, ಕಳಿಸಿದ ಮೆಸೇಜುಗಳ ಗುಣಮಟ್ಟ ಚೆನ್ನಾಗಿದ್ದರೆ ಇದು ಸಾವಿರಗಳಿಗೆ, ಲಕ್ಷಕ್ಕೆ ಏರುತ್ತದೆ. ಗ್ರಾಹಕರೇ ಶುರುಮಾಡಿದ ಮಾತಿನ ಉತ್ತರಗಳು ಈ 250ರಲ್ಲಿ ಸೇರುವುದಿಲ್ಲ. ಗುಣಮಟ್ಟ ಅಳೆಯುವುದು ಕಳೆದ ಏಳು ದಿನಗಳಲ್ಲಿ ಎಷ್ಟು ಜನ ಬ್ಲಾಕ್ ಮಾಡಿದರು, ದೂರು ಕೊಟ್ಟರು ಎಂಬುದರ ಮೇಲೆ. ಒಂದು ಟೆಂಪ್ಲೇಟಿಗೆ ಹೀಗೆ ಪೆಟ್ಟು ಬಿದ್ದರೆ ಅದನ್ನು ಮೊದಲ ಸಲ 3 ಗಂಟೆ, ಎರಡನೆಯ ಸಲ 6 ಗಂಟೆ ತಡೆಹಿಡಿಯಲಾಗುತ್ತದೆ, ಮೂರನೆಯ ಸಲ ಅದು ಕಾಯಂ ನಿಲ್ಲುತ್ತದೆ. ಬಿಲ್ಲಿಗಾಗಿ ಕೊಟ್ಟ ನಂಬರನ್ನು ಕೇಳದೆ ಪ್ರಚಾರದ ಪಟ್ಟಿಗೆ ಸೇರಿಸಿದಾಗ ಆಗುವುದು ಬಹುಮಟ್ಟಿಗೆ ಇದೇ. ಗ್ರಾಹಕರ ಒಪ್ಪಿಗೆ ಪಡೆದಿರಬೇಕು ಎಂಬುದು ವಾಟ್ಸ್‌ಆ್ಯಪ್‌ನ ನೀತಿಯೂ ಹೌದು, ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಹೌದು.

ಎಲ್ಲಕ್ಕಿಂತ ಕಡಿಮೆ ಪರಿಚಿತವಾದದ್ದು ಪಡೆಯುವವರ ಮೇಲಿನ ಮಿತಿ. ಒಬ್ಬ ವ್ಯಕ್ತಿಗೆ ಎಲ್ಲ ಅಂಗಡಿ, ಬ್ಯಾಂಕು, ಕಂಪನಿಗಳಿಂದ ಸೇರಿ ಒಂದು ಅವಧಿಯಲ್ಲಿ ಇಂತಿಷ್ಟೇ ಮಾರ್ಕೆಟಿಂಗ್ ಮೆಸೇಜ್ ತಲುಪಬೇಕು ಎಂದು ಮೆಟಾ 2024ರ ಫೆಬ್ರುವರಿಯಲ್ಲಿ ನಿಯಮ ತಂದಿತು. ಅದು ಮೊದಲು ಜಾರಿಗೆ ಬಂದದ್ದು ಭಾರತದಲ್ಲಿ. ಇದರ ಪರಿಣಾಮ ದೀಪಾವಳಿಯ ಹಿಂದಿನ ವಾರ ತೀವ್ರವಾಗಿರುತ್ತದೆ. ಚಿನ್ನದಂಗಡಿ, ಮೊಬೈಲ್ ಅಂಗಡಿ, ಆನ್‌ಲೈನ್ ಮಳಿಗೆಗಳೆಲ್ಲ ಒಟ್ಟಿಗೆ ಕಳಿಸುತ್ತವೆ, ಒಬ್ಬ ಗ್ರಾಹಕರ ಪಾಲು ಬೆಳಿಗ್ಗೆಯೇ ತುಂಬಿಹೋಗುತ್ತದೆ. ಮಧ್ಯಾಹ್ನ ಕಳಿಸಿದ ಸೀರೆ ಅಂಗಡಿಯ ಮೆಸೇಜಿಗೆ `131049` ಎಂಬ ದೋಷಸಂಖ್ಯೆ ಬರುತ್ತದೆ. ಅಂಗಡಿಯ ತಪ್ಪೇನೂ ಇಲ್ಲ, ಗ್ರಾಹಕರು ಬ್ಲಾಕ್ ಮಾಡಿದ್ದೂ ಅಲ್ಲ. ತಲುಪದ್ದರಿಂದ ದುಡ್ಡೂ ಬೀಳುವುದಿಲ್ಲ. ಇಂಥ ಹೊತ್ತಿನಲ್ಲಿ ಮತ್ತೆ ಮತ್ತೆ ಕಳಿಸುವುದು ವ್ಯರ್ಥ. ಬಿಡುವು ಕೊಟ್ಟು, ಬೇರೆ ದಿನ ಕಳಿಸಬೇಕು. ಗ್ರಾಹಕರ ಕಿಟಕಿ ತೆರೆದಿದ್ದರೆ ಈ ಮಿತಿ ಅಡ್ಡಬರುವುದಿಲ್ಲ.

ಈಗ ನಮ್ಮ ಅಂಗಡಿಯ ದೀಪಾವಳಿ ಲೆಕ್ಕವನ್ನು ಪೂರ್ತಿ ಹಾಕಬಹುದು. ಸಂಖ್ಯೆಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ದರ ಮಾತ್ರ 2025ರ ಜುಲೈನದು. ಎಪಿಐ ಇದೆ, ಪರಿಶೀಲನೆ ಆಗಿದೆ, ಆದ್ದರಿಂದ 1,200 ಜನರಿಗೆ ಒಂದೇ ದಿನ ಕಳಿಸಲು ಅಡ್ಡಿಯಿಲ್ಲ. 930 ತಲುಪಿದವು. 78.46 ಪೈಸೆಯಂತೆ 729 ರೂಪಾಯಿ 68 ಪೈಸೆ. 18% ಜಿಎಸ್‌ಟಿ ಸೇರಿ 861 ರೂಪಾಯಿ. 70 ಜನ ಉತ್ತರ ಬರೆದರು. ಅವರ ಜೊತೆ ಎಷ್ಟು ಮಾತಾದರೂ, ಎಷ್ಟು ಫೋಟೊ ಹೋದರೂ ಖರ್ಚು ಸೊನ್ನೆ. 28 ಜನ ಆರ್ಡರ್ ಕೊಟ್ಟರು. ಒಬ್ಬೊಬ್ಬರಿಗೆ ‘ಆರ್ಡರ್ ಬಂದಿದೆ’, ‘ಪಾರ್ಸಲ್ ಹೊರಟಿದೆ’ ಎಂದು ಎರಡೆರಡು ಯುಟಿಲಿಟಿ ಟೆಂಪ್ಲೇಟ್. ಮೊದಲನೆಯದು ಅಂದೇ ಹೋಗುವುದರಿಂದ ಕಿಟಕಿಯೊಳಗೆ, ಉಚಿತ. ಎರಡನೆಯದು ಮೂರನೇ ದಿನ, ಕಿಟಕಿ ಮುಚ್ಚಿದ ಮೇಲೆ: 28ಕ್ಕೆ 3 ರೂಪಾಯಿ 22 ಪೈಸೆ.

ಆ ಎರಡೂ ಟೆಂಪ್ಲೇಟಿಗೆ ಯಾರೋ ಉತ್ಸಾಹದಿಂದ ಹೊಸ ಸ್ಟಾಕಿನ ಒಂದು ಸಾಲು ಸೇರಿಸಿದ್ದರೆ 56 ಮೆಸೇಜೂ ಮಾರ್ಕೆಟಿಂಗ್ ಆಗಿ, 43 ರೂಪಾಯಿ 94 ಪೈಸೆ ಆಗುತ್ತಿತ್ತು. ಮೊತ್ತ ದೊಡ್ಡದಲ್ಲ. ದೊಡ್ಡ ನಷ್ಟ ಬೇರೆ ಕಡೆ ಇದೆ. ಮಾರ್ಕೆಟಿಂಗ್ ಎಂದಾದ ಮೇಲೆ ಅದಕ್ಕೂ ಪಡೆಯುವವರ ಮೇಲಿನ ಮಿತಿ ತಾಗುತ್ತದೆ. ಹಬ್ಬದ ಗದ್ದಲದಲ್ಲಿ ‘ಪಾರ್ಸಲ್ ಹೊರಟಿದೆ’ ಎಂಬ ಸುದ್ದಿಯೇ ಕೆಲವರಿಗೆ ತಲುಪದೆ ಉಳಿಯುತ್ತದೆ. ದುಡ್ಡು ಕೊಟ್ಟ ಗ್ರಾಹಕರು ಮೂರು ದಿನ ಸುದ್ದಿಯಿಲ್ಲದೆ ಕಾದು ಅಂಗಡಿಗೆ ಫೋನ್ ಮಾಡುತ್ತಾರೆ.

ಈ ಲೆಕ್ಕದಲ್ಲಿ ಮಧ್ಯವರ್ತಿಯ ಬಾಡಿಗೆ ಸೇರಿಲ್ಲ. ಅದು ತಿಂಗಳಿಗೆ 1,000 ರೂಪಾಯಿ ಎಂದಿಟ್ಟುಕೊಂಡರೆ ಮೆಸೇಜುಗಳ ಖರ್ಚಿಗಿಂತ ಅದೇ ಹೆಚ್ಚಾಯಿತು. ವರ್ಷಕ್ಕೆ ಮೂರು ಹಬ್ಬಕ್ಕಷ್ಟೇ ಪ್ರಚಾರ ಕಳಿಸುವ ಅಂಗಡಿ ಹನ್ನೆರಡು ತಿಂಗಳ ಬಾಡಿಗೆ ಕಟ್ಟುವುದು ಸರಿಯಾದ ವ್ಯಾಪಾರವಲ್ಲ. ಅಂಥ ಅಂಗಡಿಗೆ ಫೋನಿನ ಆ್ಯಪ್, ಒಂದೆರಡು ಬ್ರಾಡ್‌ಕಾಸ್ಟ್ ಪಟ್ಟಿ, ದಿನಾ ಹಾಕುವ ಸ್ಟೇಟಸ್ ಸಾಕು. ಎಪಿಐ ಸಾರ್ಥಕವಾಗುವುದು ದಿನವೂ ಹತ್ತಾರು ಆರ್ಡರುಗಳ ಸುದ್ದಿ ತಾನಾಗಿ ಹೋಗಬೇಕಾದಲ್ಲಿ, ಅಥವಾ ಒಂದೇ ನಂಬರಿಗೆ ಬರುವ ಪ್ರಶ್ನೆಗಳನ್ನು ಹಲವರು ಕೂತು ಉತ್ತರಿಸಬೇಕಾದಲ್ಲಿ. ಇನ್ನೊಂದು ಎಚ್ಚರಿಕೆ: ಹಿಂದೆ ಅಂಗಡಿಯ ನಂಬರನ್ನು ಎಪಿಐಗೆ ಹಾಕಿದರೆ ಅದು ಫೋನಿನ ಆ್ಯಪ್‌ನಲ್ಲಿ ನಿಂತುಹೋಗುತ್ತಿತ್ತು. 2025ರಿಂದ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಸೌಲಭ್ಯವಿದೆ. ಆದರೆ ಹಾಗೆ ಜೋಡಿಸಿದಾಗ ಆ್ಯಪ್‌ನ ಹಳೆಯ ಬ್ರಾಡ್‌ಕಾಸ್ಟ್ ಪಟ್ಟಿಗಳು ನೋಡಲು ಮಾತ್ರ ಉಳಿಯುತ್ತವೆ, ಅವಕ್ಕೆ ಹೊಸದಾಗಿ ಕಳಿಸಲು ಬರುವುದಿಲ್ಲ. ಹೊಸ ವ್ಯವಸ್ಥೆಗೆ ಸಹಿ ಹಾಕುವ ಮುನ್ನ ಪಟ್ಟಿಯಲ್ಲಿದ್ದವರ ನಂಬರ್‌ಗಳನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಬೇಕು.

ಎರಡೂ ದಾರಿಯವರಿಗೆ ಸಲ್ಲುವ ಕೆಲಸ ಒಂದಿದೆ: ಗ್ರಾಹಕರೇ ಮೊದಲು ಮಾತಾಡುವಂತೆ ಮಾಡುವುದು. ಬಿಸಿನೆಸ್ ಆ್ಯಪ್‌ನಲ್ಲೇ ಅಂಗಡಿಯ ಕ್ಯೂಆರ್ ಕೋಡ್ ಸಿಗುತ್ತದೆ. ಲಿಂಕ್ ಬೇಕಿದ್ದರೆ ಅದರ ರೂಪ ಹೀಗೆ:

```
https://wa.me/91XXXXXXXXXX?text=Namaskara
```

91ರ ಮುಂದೆ ಕೂಡಿಸುವ ಚಿಹ್ನೆಯಾಗಲಿ, ಸೊನ್ನೆಯಾಗಲಿ ಬರಬಾರದು. `text=` ಆದಮೇಲಿನ ಮಾತು ಗ್ರಾಹಕರ ಪರದೆಯಲ್ಲಿ ಸಿದ್ಧವಾಗಿ ಕೂತಿರುತ್ತದೆ, ಅವರು ಕಳಿಸುವ ಗುಂಡಿ ಒತ್ತಿದರೆ ಸಾಕು. ಕೌಂಟರಿನ ಮೇಲೆ ಹಣ ಕಟ್ಟುವ ಕ್ಯೂಆರ್ ಪಕ್ಕದಲ್ಲಿ ಇದನ್ನೂ ಇಟ್ಟು, “ಅಕ್ಕಾ, ಇದಕ್ಕೊಂದು ಮೆಸೇಜ್ ಹಾಕಿ, ಅಂಗಡಿ ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಸೀರೆ ಬಂದಾಗ ಫೋಟೊ ಕಳಿಸ್ಲಾ?” ಎಂದು ಕೇಳಿ ಹೂಂ ಎನಿಸಿಕೊಂಡರೆ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಎಪಿಐ ಇದ್ದರೆ ಕಿಟಕಿ ತೆರೆಯುತ್ತದೆ, ನಂಬರ್ ಉಳಿಯುವುದರಿಂದ ಬ್ರಾಡ್‌ಕಾಸ್ಟ್ ತಲುಪುತ್ತದೆ, ಒಪ್ಪಿಗೆಯೂ ಸಿಕ್ಕಿರುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿನ ವಾಟ್ಸ್‌ಆ್ಯಪ್ ಗುಂಡಿ ಒತ್ತಿ ಬಂದವರಿಗಾದರೆ, ಅಂಗಡಿಯವರು 24 ಗಂಟೆಯೊಳಗೆ ಉತ್ತರಿಸಿದಲ್ಲಿ 72 ಗಂಟೆ ಎಲ್ಲ ಬಗೆಯ ಮೆಸೇಜೂ ಉಚಿತ. ಅಲ್ಲಿ ಜಾಹೀರಾತಿನ ಖರ್ಚು ಬೇರೆ ಇರುತ್ತದೆ. ಕೌಂಟರಿನ ಕ್ಯೂಆರ್‌ಗೆ ಅದೂ ಇಲ್ಲ, ಒಂದು ಹಾಳೆಯ ಪ್ರಿಂಟ್ ಖರ್ಚಿನಲ್ಲಿ ಮುಗಿಯುತ್ತದೆ.